ಕರಗಿದ ಕಬ್ಬಿಣಕ್ಕೆ ಕೂಲಂಬ್ ಲೆಕ್ಕ

ಐದು ಸೆಂಟಿಮೀಟರ್ ಉದ್ದ, ಎರಡೂವರೆ ಸೆಂಟಿಮೀಟರ್ ಅಗಲ, ಎರಡು ಮಿಲಿಮೀಟರ್ ದಪ್ಪದ ಮೈಲ್ಡ್ ಸ್ಟೀಲ್ ತುಂಡೊಂದನ್ನು ತೂಗಿ, ಕೂಲಿಂಗ್ ಟವರಿನ ನೀರು ಹರಿಯುವ ಕೊಳವೆಯೊಳಗೆ ಮೂವತ್ತು ದಿನ ಇರಿಸಿ, ಹೊರತೆಗೆದು ಒಣಗಿಸಿ ಮತ್ತೆ ತೂಗಿದರೆ ಅದರ ತೂಕ ಹೆಚ್ಚಿರುವುದೂ ಉಂಟು. ಒಳಗೆ ಬಿಡುವಾಗ 19.2306 ಗ್ರಾಂ ಇದ್ದದ್ದು ಹೊರಬರುವಾಗ 19.2671 ಗ್ರಾಂ. ತುಕ್ಕು ಕಬ್ಬಿಣವನ್ನು ತಿನ್ನುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ತಕ್ಕಡಿ ನೋಡಿದರೆ ತುಂಡು 36.5 ಮಿಲಿಗ್ರಾಂ ಬೆಳೆದಿದೆ.

ತಕ್ಕಡಿಯದೇನೂ ತಪ್ಪಿಲ್ಲ. ಲೋಹವಾಗಿದ್ದ ಕಬ್ಬಿಣ ತುಕ್ಕಾಗುವಾಗ ಆಮ್ಲಜನಕವನ್ನೂ ನೀರನ್ನೂ ಸೇರಿಸಿಕೊಳ್ಳುತ್ತದೆ. ಒಂದು ಗ್ರಾಂ ಕಬ್ಬಿಣ ಪೂರ್ತಿ FeOOH ರೂಪದ ತುಕ್ಕಾದರೆ ಅದು ಸುಮಾರು 1.59 ಗ್ರಾಂ ತೂಗುತ್ತದೆ. ಆ ತುಕ್ಕಿನ ಒಂದು ಭಾಗ ನೀರಿನೊಡನೆ ಹೋಗುತ್ತದೆ, ಉಳಿದದ್ದು ತುಂಡಿಗೇ ಅಂಟಿಕೊಂಡಿರುತ್ತದೆ. ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ತಿಳಿಯದೆ ತುಕ್ಕು ಸಮೇತ ತೂಗಿದ ಅಂಕಿಯಿಂದ ಏನನ್ನೂ ಹೇಳಲಾಗದು. ಉಳಿದಿರುವ ಲೋಹವನ್ನಷ್ಟೇ ತೂಗಬೇಕು. ಹೀಗೆ ತೂಗಿ ಸಿಕ್ಕ ನಷ್ಟದಿಂದ ಎರಡು ಉತ್ತರ ತೆಗೆಯಬಹುದು. ಲೋಹ ವರ್ಷಕ್ಕೆ ಎಷ್ಟು ಮಿಲಿಮೀಟರ್ ತೆಳುವಾಗುತ್ತಿದೆ ಎಂಬುದು ಒಂದು. ಆ ಮೂವತ್ತು ದಿನ ಅದರ ಮೈಮೇಲೆ ಎಷ್ಟು ವಿದ್ಯುತ್ ಹರಿಯಿತು ಎಂಬುದು ಇನ್ನೊಂದು. ಎರಡನೆಯದು ವಿಚಿತ್ರವಾಗಿ ಕೇಳಿಸಬಹುದು. ಬ್ಯಾಟರಿಯಾಗಲಿ ತಂತಿಯಾಗಲಿ ಆ ಕೊಳವೆಯಲ್ಲಿ ಇರಲಿಲ್ಲ. ಆದರೂ ಇವೆರಡೂ ಒಂದೇ ಸಂಗತಿಯ ಎರಡು ಅಳತೆಗಳು. ಇಲ್ಲಿ ಬಳಸಿದ ತೂಕಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಗಾಳಿ ಸೇರಿದ ನೀರಿನಲ್ಲಿ, ತುಕ್ಕು ತಡೆಯುವ ಮದ್ದು ಹಾಕದಿದ್ದಾಗ, ಮೈಲ್ಡ್ ಸ್ಟೀಲ್ ತೋರಿಸಬಹುದಾದ ಅಳತೆಗಳೇ ಅವು.

ಪರೀಕ್ಷೆಗೆ ಬಳಸುವ ಇಂಥ ತುಂಡಿಗೆ ಕೆಲಸದವರು ಕೂಪನ್ ಎನ್ನುತ್ತಾರೆ. ಅದನ್ನು ನೀರಿಗೆ ಬಿಡುವ ಮೊದಲೇ ಒಂದು ಲೆಕ್ಕ ಮುಗಿದಿರಬೇಕು, ಅದು ಮೇಲ್ಮೈಯ ವಿಸ್ತೀರ್ಣ. ಎರಡು ಅಗಲ ಮುಖಗಳು ಸೇರಿ 25 ಚದರ ಸೆಂಟಿಮೀಟರ್. ಅಂಚುಗಳನ್ನು ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಉದ್ದದ ಎರಡು ಅಂಚು 2 ಚದರ ಸೆಂಟಿಮೀಟರ್, ಅಗಲದ ಎರಡು ಅಂಚು 1, ಒಟ್ಟು 28. ತುಂಡನ್ನು ತೂಗುಹಾಕಲು 6 ಮಿಲಿಮೀಟರ್ ವ್ಯಾಸದ ತೂತು ಕೊರೆದಿದ್ದರೆ ಅದರಿಂದ ಎರಡು ಮುಖಗಳಲ್ಲಿ 0.57 ಚದರ ಸೆಂಟಿಮೀಟರ್ ಹೋಗುತ್ತದೆ, ತೂತಿನ ಒಳಗೋಡೆಯಿಂದ 0.38 ಮರಳಿ ಬರುತ್ತದೆ. ಉಳಿಯುವುದು 27.81. ತೂತಿನ ಲೆಕ್ಕ ಶೇಕಡಾ ಒಂದಕ್ಕಿಂತ ಕಡಿಮೆ ವ್ಯತ್ಯಾಸ ಮಾಡುತ್ತದೆ, ಅಂಚುಗಳ ಲೆಕ್ಕ ಶೇಕಡಾ ಹನ್ನೆರಡರಷ್ಟು. ಯಾವುದನ್ನು ಮರೆತರೂ ನಡೆದೀತು, ಯಾವುದನ್ನು ಮರೆಯಬಾರದು ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಕೂಪನ್ನನ್ನು ಹಿಡಿದಿಡುವ ತಿರುಪು ಪ್ಲಾಸ್ಟಿಕ್ಕಿನದಾಗಿರಬೇಕು. ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಆದರೆ ಬೇರೆ ಲೋಹದ ಜೊತೆ ಸೇರಿದ ಉಕ್ಕು ಇನ್ನಷ್ಟು ಬೇಗ ಸವೆದು, ನೀರಿನ ಗುಣದ ಬದಲು ತಿರುಪಿನ ಗುಣವನ್ನು ಅಳೆದಂತಾಗುತ್ತದೆ.

ಇನ್ನು ತುಕ್ಕು ತೆಗೆಯುವ ಕೆಲಸ. ಉಕ್ಕಿಗೆ ಬಳಕೆಯಲ್ಲಿರುವ ಒಂದು ದ್ರಾವಣ ಹೀಗಿದೆ: ಅರ್ಧ ಲೀಟರ್ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ, ಅದಕ್ಕೆ 3.5 ಗ್ರಾಂ ಹೆಕ್ಸಮೀನ್, ಒಟ್ಟು ಒಂದು ಲೀಟರ್ ಆಗುವಷ್ಟು ನೀರು. ಕೋಣೆಯ ಬಿಸಿಯಲ್ಲಿ ಹತ್ತು ನಿಮಿಷ ಅದ್ದಿ, ಮೆದು ಬ್ರಷ್ಷಿನಿಂದ ಉಜ್ಜಿ, ನೀರಿನಲ್ಲಿ ತೊಳೆದು, ಆಲ್ಕೊಹಾಲಿನಲ್ಲಿ ಅದ್ದಿ ಒಣಗಿಸಿ, ಡೆಸಿಕೇಟರಿನಲ್ಲಿ ತಣಿಸಿ ತೂಗುತ್ತಾರೆ. ಆಮ್ಲ ತುಕ್ಕನ್ನು ಕರಗಿಸುತ್ತದೆ. ಹೆಕ್ಸಮೀನ್ ಬೋಳಾದ ಲೋಹಕ್ಕೆ ಅಂಟಿಕೊಂಡು ಆಮ್ಲ ಅದನ್ನು ತಿನ್ನದಂತೆ ತಡೆಯುತ್ತದೆ. ಆದರೆ ಈ ತಡೆ ಪೂರ್ಣವಲ್ಲ. ಒಂದೇ ಸಲ ತೊಳೆದರೆ ತುಕ್ಕು ಉಳಿದಿರಬಹುದು. ಮತ್ತೆ ಮತ್ತೆ ತೊಳೆದರೆ ಒಳ್ಳೆಯ ಲೋಹವೂ ಸ್ವಲ್ಪ ಕರಗುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಸಿಕ್ಕಿರುವ ಉತ್ತರ ಜಾಣತನದ್ದು. ನಿಲ್ಲಿಸುವುದೇ ಬೇಡ, ನಾಲ್ಕಾರು ಸಲ ತೊಳೆದು ಪ್ರತಿ ಸಲವೂ ತೂಗಿ, ತೂಕ ಇಳಿಯುವ ಬಗೆಯನ್ನು ನೋಡಿದರಾಯಿತು.

ಈ ಕೂಪನ್ನಿನ ತೂಕ ಮೊದಲ ತೊಳೆತದ ನಂತರ 19.0245 ಗ್ರಾಂ, ಎರಡನೆಯದರ ನಂತರ 19.0168, ಮೂರನೆಯದರ ನಂತರ 19.0159, ನಾಲ್ಕನೆಯದರ ನಂತರ 19.0150. ಒಂದನೆಯ ತೊಳೆತದಿಂದ ಎರಡನೆಯದಕ್ಕೆ 7.7 ಮಿಲಿಗ್ರಾಂ ಇಳಿದಿದೆ, ಅಂದರೆ ಇನ್ನೂ ತುಕ್ಕು ಉಳಿದಿತ್ತು. ಆಮೇಲೆ ಪ್ರತಿ ಸಲ ಸರಿಯಾಗಿ 0.9 ಮಿಲಿಗ್ರಾಂ. ಇದು ತುಕ್ಕಿನದಲ್ಲ, ಆಮ್ಲ ತಿಂದ ಒಳ್ಳೆಯ ಲೋಹದ್ದು. ತುಕ್ಕು ಹಿಡಿಯದ ಇನ್ನೊಂದು ಕೂಪನ್ನನ್ನು ಜೊತೆಯಲ್ಲೇ ತೊಳೆದು, ಅದೂ ಪ್ರತಿ ಸಲ ಅಷ್ಟೇ ಕಳೆದುಕೊಳ್ಳುತ್ತದೆಯೇ ಎಂದು ನೋಡಿ ಇದನ್ನು ಖಾತ್ರಿಪಡಿಸಿಕೊಳ್ಳಬಹುದು. ನಾಲ್ಕು ತೊಳೆತಗಳ ನಂತರದ ಒಟ್ಟು ನಷ್ಟ 0.2156 ಗ್ರಾಂ. ಅದರಲ್ಲಿ ತೊಳೆತದ ಪಾಲು ನಾಲ್ಕು ಸಲಕ್ಕೆ 0.0036 ಗ್ರಾಂ. ಅದನ್ನು ಕಳೆದರೆ 0.2120 ಗ್ರಾಂ. ನೀರು ಮೂವತ್ತು ದಿನದಲ್ಲಿ ತಿಂದದ್ದು ಇಷ್ಟು.

ಇಲ್ಲಿಂದ ದಪ್ಪದ ಲೆಕ್ಕ ಶಾಲೆಯ ಗಣಿತ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.87 ಗ್ರಾಂ. 0.2120 ಗ್ರಾಂ ಲೋಹದ ಗಾತ್ರ 0.02694 ಘನ ಸೆಂಟಿಮೀಟರ್. ಅದನ್ನು 27.81 ಚದರ ಸೆಂಟಿಮೀಟರಿನ ಮೇಲೆ ಸಮನಾಗಿ ಹರಡಿದರೆ 0.00097 ಸೆಂಟಿಮೀಟರ್, ಅಂದರೆ 9.7 ಮೈಕ್ರಾನ್ ದಪ್ಪದ ಪದರ. ವರ್ಷದ 8760 ಗಂಟೆಗಳಲ್ಲಿ ಮೂವತ್ತು ದಿನದಂಥ 720 ಗಂಟೆಗಳ ತುಂಡುಗಳು 12.17 ಸಲ ಬರುತ್ತವೆ. ಆದ್ದರಿಂದ ವರ್ಷಕ್ಕೆ 118 ಮೈಕ್ರಾನ್, ಅಥವಾ 0.118 ಮಿಲಿಮೀಟರ್. ಇದನ್ನೇ ಒಂದೇ ಸಾಲಿನಲ್ಲಿ ಹೀಗೆ ಬರೆಯುವುದು ರೂಢಿ:

ಸವೆತದ ವೇಗ = (87,600 × ತೂಕ ನಷ್ಟ) ÷ (ವಿಸ್ತೀರ್ಣ × ಗಂಟೆಗಳು × ಸಾಂದ್ರತೆ)

ತೂಕ ಗ್ರಾಂನಲ್ಲಿ, ವಿಸ್ತೀರ್ಣ ಚದರ ಸೆಂಟಿಮೀಟರಿನಲ್ಲಿ, ಸಾಂದ್ರತೆ ಘನ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದು ಇದ್ದರೆ ಉತ್ತರ ವರ್ಷಕ್ಕೆ ಮಿಲಿಮೀಟರಿನಲ್ಲಿ ಬರುತ್ತದೆ. 87,600 ಎಂಬ ಸಂಖ್ಯೆಯಲ್ಲಿ ಯಾವ ಗುಟ್ಟೂ ಇಲ್ಲ. ವರ್ಷದ 8760 ಗಂಟೆಯನ್ನು, ಸೆಂಟಿಮೀಟರನ್ನು ಮಿಲಿಮೀಟರ್ ಮಾಡಲು ಬೇಕಾದ ಹತ್ತರಿಂದ ಗುಣಿಸಿದ್ದು, ಅಷ್ಟೆ.

ವಿದ್ಯುತ್ತಿನ ಲೆಕ್ಕಕ್ಕೆ 1830ರ ದಶಕಕ್ಕೆ ಹೋಗಬೇಕು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ದ್ರಾವಣಗಳ ಮೂಲಕ ವಿದ್ಯುತ್ ಹರಿಸಿ, ಎಷ್ಟು ವಿದ್ಯುತ್ತಿಗೆ ಎಷ್ಟು ಲೋಹ ಕರಗುತ್ತದೆ, ಎಷ್ಟು ಕೂಡುತ್ತದೆ ಎಂದು ಅಳೆದ. ಹರಿದ ವಿದ್ಯುತ್ತಿಗೂ ಬದಲಾದ ವಸ್ತುವಿನ ತೂಕಕ್ಕೂ ಕಟ್ಟುನಿಟ್ಟಾದ ಅನುಪಾತವಿದೆ ಎಂಬುದು ಅವನಿಗೆ ಸಿಕ್ಕ ನಿಯಮ. ಆನೋಡ್, ಕ್ಯಾಥೋಡ್, ಅಯಾನ್ ಎಂಬ ಪದಗಳು 1834ರ ಸುಮಾರಿಗೆ ಅವನ ಬರವಣಿಗೆಯಲ್ಲೇ ಬಂದವು. ಎಲೆಕ್ಟ್ರಾನ್ ಎಂಬುದೊಂದಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಇಂದಿನ ಭಾಷೆಯಲ್ಲಿ ಆ ನಿಯಮವನ್ನು ಹೀಗೆ ಹೇಳಬಹುದು: ಒಂದು ಮೋಲ್ ಎಲೆಕ್ಟ್ರಾನುಗಳು ಸೇರಿ 96,485 ಕೂಲಂಬ್ ವಿದ್ಯುದಾವೇಶ. ಕಬ್ಬಿಣದ ಒಂದು ಪರಮಾಣು ಲೋಹವನ್ನು ಬಿಟ್ಟು ನೀರಿಗೆ ಇಳಿಯುವಾಗ ಎರಡು ಎಲೆಕ್ಟ್ರಾನುಗಳನ್ನು ಲೋಹದಲ್ಲೇ ಬಿಟ್ಟುಹೋಗುತ್ತದೆ:

Fe → Fe²⁺ + 2e⁻

ಕಬ್ಬಿಣದ ಒಂದು ಮೋಲ್ 55.845 ಗ್ರಾಂ. ಹಾಗಾಗಿ 55.845 ಗ್ರಾಂ ಕರಗಿದರೆ ಎರಡು ಮೋಲ್ ಎಲೆಕ್ಟ್ರಾನ್. ಅದರ ಅರ್ಧ, 27.92 ಗ್ರಾಂ ಕರಗಿದರೆ ಒಂದು ಮೋಲ್. ಈ 27.92 ಗ್ರಾಂ ಕಬ್ಬಿಣಕ್ಕೆ 96,485 ಕೂಲಂಬ್ ಸಮ. ವಿದ್ಯುತ್ತನ್ನು ಲೋಹವಾಗಿ, ಲೋಹವನ್ನು ವಿದ್ಯುತ್ತಾಗಿ ಬದಲಾಯಿಸಿಕೊಳ್ಳುವ ವಿನಿಮಯ ದರ ಎಂದು ಇದನ್ನು ತಿಳಿಯಬಹುದು.

ಕೂಪನ್ ಕಳೆದುಕೊಂಡ 0.2120 ಗ್ರಾಂ ಕಬ್ಬಿಣ 0.003796 ಮೋಲ್. ಎಲೆಕ್ಟ್ರಾನುಗಳು ಅದರ ಎರಡರಷ್ಟು, 0.007592 ಮೋಲ್. ಅದನ್ನು 96,485ರಿಂದ ಗುಣಿಸಿದರೆ 732.5 ಕೂಲಂಬ್. ಮೊಬೈಲ್ ಬ್ಯಾಟರಿಯ ಮೇಲೆ ಬರೆದಿರುವ ಅಳತೆಯಲ್ಲಿ ಹೇಳುವುದಾದರೆ ಇದು ಸುಮಾರು 203 ಮಿಲಿಆಂಪಿಯರ್-ಗಂಟೆ. 5000ದ ಬ್ಯಾಟರಿಯ ಶೇಕಡಾ ನಾಲ್ಕು. ಮೂವತ್ತು ದಿನವೆಂದರೆ 25,92,000 ಸೆಕೆಂಡು. ಭಾಗಿಸಿದರೆ ಸರಾಸರಿ ಪ್ರವಾಹ 0.283 ಮಿಲಿಆಂಪಿಯರ್. 27.81 ಚದರ ಸೆಂಟಿಮೀಟರಿಗೆ ಹಂಚಿದರೆ ಪ್ರತಿ ಚದರ ಸೆಂಟಿಮೀಟರಿಗೆ 10.2 ಮೈಕ್ರೋಆಂಪಿಯರ್. ವರ್ಷಕ್ಕೆ 0.118 ಮಿಲಿಮೀಟರ್ ಎಂದರೂ ಚದರ ಸೆಂಟಿಮೀಟರಿಗೆ 10.2 ಮೈಕ್ರೋಆಂಪಿಯರ್ ಎಂದರೂ ಈ ಉಕ್ಕಿನ ಮಟ್ಟಿಗೆ ಒಂದೇ.

ಹಾಗಾದರೆ ಈ ವಿದ್ಯುತ್ ಎಲ್ಲಿಂದ ಎಲ್ಲಿಗೆ ಹರಿಯಿತು? ಕೂಪನ್ನಿನ ಮೈಮೇಲೇ, ಒಂದು ಜಾಗದಿಂದ ಇನ್ನೊಂದಕ್ಕೆ. ಒಂದು ಕಡೆ ಕಬ್ಬಿಣ ನೀರಿಗಿಳಿದು ಎಲೆಕ್ಟ್ರಾನುಗಳನ್ನು ಹಿಂದೆ ಬಿಡುತ್ತದೆ. ಅವು ಲೋಹದೊಳಗೇ ಸಾಗಿ ಮತ್ತೊಂದು ಕಡೆ ನೀರಿನಲ್ಲಿ ಕರಗಿದ ಆಮ್ಲಜನಕಕ್ಕೆ ಸಿಕ್ಕುತ್ತವೆ:

O₂ + 2H₂O + 4e⁻ → 4OH⁻

ಕೊಟ್ಟಷ್ಟೇ ಪಡೆಯಬೇಕಾದ್ದರಿಂದ ಹೊರಗಿನಿಂದ ನೋಡಿದವರಿಗೆ ಯಾವ ಪ್ರವಾಹವೂ ಕಾಣುವುದಿಲ್ಲ. ಆಂಪಿಯರ್ ಮೀಟರನ್ನು ನಡುವೆ ಸೇರಿಸಲು ಜಾಗವೇ ಇಲ್ಲ. ಇದು ಬರಿಯ ಊಹೆಯಲ್ಲ ಎಂದು ಅಂಕಿಗಳಲ್ಲಿ ತೋರಿಸಿದವರು ಕೇಂಬ್ರಿಜ್ಜಿನ ಯು. ಆರ್. ಎವನ್ಸ್ ಮತ್ತು ಟಿ. ಪಿ. ಹೋರ್. ಸವೆಯುವ ಭಾಗಕ್ಕೂ ಸವೆಯದ ಭಾಗಕ್ಕೂ ನಡುವೆ ಹರಿಯುವ ಪ್ರವಾಹವನ್ನು ಅಳೆದು, ಅದು ಫ್ಯಾರಡೆಯ ನಿಯಮದ ಪ್ರಕಾರ ಸವೆತಕ್ಕೆ ಹೊಂದುತ್ತದೆ ಎಂದು ಅವರು 1932ರಲ್ಲಿ ಪ್ರಕಟಿಸಿದರು.

ಈ ಲೆಕ್ಕದಲ್ಲಿ ಜನ ಎಡವುವ ಜಾಗ ಒಂದಿದೆ. ತುಕ್ಕಿನಲ್ಲಿರುವ ಕಬ್ಬಿಣದ ಬಹುಪಾಲು Fe³⁺ ರೂಪದಲ್ಲಿರುತ್ತದೆ, ಮೂರು ಎಲೆಕ್ಟ್ರಾನ್ ಕಳೆದುಕೊಂಡದ್ದು. ಹಾಗಿದ್ದರೆ ಎರಡರ ಬದಲು ಮೂರರಿಂದ ಗುಣಿಸಬೇಕಲ್ಲವೇ? ಗುಣಿಸಿದರೆ 1099 ಕೂಲಂಬ್, ಚದರ ಸೆಂಟಿಮೀಟರಿಗೆ 15.2 ಮೈಕ್ರೋಆಂಪಿಯರ್ ಬರುತ್ತದೆ, ಉತ್ತರ ಒಂದೂವರೆ ಪಟ್ಟು. ಒಂದೇ ತೂಕ ನಷ್ಟಕ್ಕೆ ಎರಡು ಬೇರೆ ಪ್ರವಾಹಗಳು ಇರಲಾರವು.

ಇಲ್ಲಿ ಎಣಿಸಬೇಕಾದದ್ದು ಲೋಹದ ಮೂಲಕ ಸಾಗಿದ ಎಲೆಕ್ಟ್ರಾನುಗಳನ್ನು ಮಾತ್ರ. ಕಬ್ಬಿಣ ಲೋಹವನ್ನು ಬಿಡುವ ಗಳಿಗೆಯಲ್ಲಿ ಎರಡನ್ನೇ ಬಿಟ್ಟುಹೋಗುತ್ತದೆ. ಮೂರನೆಯದನ್ನು ಅದು ಕಳೆದುಕೊಳ್ಳುವುದು ನೀರಿಗೆ ಬಂದ ಮೇಲೆ, ಅಲ್ಲಿನ ಆಮ್ಲಜನಕಕ್ಕೆ ನೇರವಾಗಿ. ಲೋಹಕ್ಕೆ ಆ ವ್ಯವಹಾರದ ಸುದ್ದಿಯೇ ಮುಟ್ಟುವುದಿಲ್ಲ. ಇದನ್ನು ಕಣ್ಣಾರೆ ನೋಡಬೇಕಿದ್ದರೆ ಆಮ್ಲಜನಕ ಇಲ್ಲದಂತೆ ಮಾಡಿದ ಆಮ್ಲದಲ್ಲಿ ಉಕ್ಕನ್ನು ಕರಗಿಸಬೇಕು. ಅಲ್ಲಿ ಎಲೆಕ್ಟ್ರಾನುಗಳನ್ನು ಪಡೆಯುವುದು ಹೈಡ್ರೋಜನ್ ಅಯಾನುಗಳು. ಎರಡು ಎಲೆಕ್ಟ್ರಾನಿಗೆ ಹೈಡ್ರೋಜನ್ ಅನಿಲದ ಒಂದು ಅಣು ಹುಟ್ಟುತ್ತದೆ, ಆ ಅನಿಲವನ್ನು ಅಳತೆಯ ಕೊಳವೆಯಲ್ಲಿ ಹಿಡಿಯಬಹುದು. 0.2120 ಗ್ರಾಂ ಕಬ್ಬಿಣ ಕರಗಿದರೆ 25 ಡಿಗ್ರಿ ಉಷ್ಣತೆಯಲ್ಲಿ, ಸಾಮಾನ್ಯ ಒತ್ತಡದಲ್ಲಿ ಸುಮಾರು 93 ಮಿಲಿಲೀಟರ್ ಬರಬೇಕು. ಮೂರರ ಲೆಕ್ಕ ನಿಜವಾಗಿದ್ದರೆ 139 ಬರಬೇಕಿತ್ತು. ಬರುವುದು 93ರ ಆಸುಪಾಸಿನಲ್ಲೇ.

ಎಲ್ಲ ಲೋಹಕ್ಕೂ ಎರಡೇ ಎಂದಲ್ಲ. ಸತು ಎರಡನ್ನು ಬಿಟ್ಟರೆ ಅಲ್ಯೂಮಿನಿಯಂ ಮೂರನ್ನು ಬಿಡುತ್ತದೆ. ತಾಮ್ರದ್ದು ತುಸು ತೊಡಕು. ಉಪ್ಪುನೀರಿನಂಥ ಕ್ಲೋರೈಡ್ ತುಂಬಿದ ನೀರಿನಲ್ಲಿ ಅದು ಒಂದೇ ಎಲೆಕ್ಟ್ರಾನ್ ಬಿಟ್ಟು ಕರಗುತ್ತದೆ, ಬೇರೆ ಕಡೆ ಎರಡು. ನೀರು ಯಾವುದು ಎಂದು ತಿಳಿಯದೆ ತಾಮ್ರದ ಪ್ರವಾಹವನ್ನು ಮಿಲಿಮೀಟರಿಗೆ ತಿರುಗಿಸಿದರೆ ಉತ್ತರ ಇಮ್ಮಡಿಯೂ ಆದೀತು, ಅರ್ಧವೂ ಆದೀತು. ಮಿಶ್ರಲೋಹಗಳಿಗೆ ಪ್ರತಿ ಘಟಕದ ಪಾಲನ್ನು ಸೇರಿಸಿ ಸರಾಸರಿ ತೆಗೆಯುತ್ತಾರೆ. ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುವ ಸ್ಟೇನ್‌ಲೆಸ್ ಸ್ಟೀಲಿಗೆ ಕಬ್ಬಿಣದ 27.92ರ ಜಾಗದಲ್ಲಿ ಸುಮಾರು 25 ಬರುತ್ತದೆ. ಮೈಲ್ಡ್ ಸ್ಟೀಲಿಗೆ ಆ ಗೋಜು ಬೇಡ, ಅದು ಶೇಕಡಾ 98ಕ್ಕಿಂತ ಹೆಚ್ಚು ಕಬ್ಬಿಣವೇ.

ಪದೇ ಪದೇ ಕೂಲಂಬ್ ಎಣಿಸುವ ಬದಲು ಎಲ್ಲ ಸ್ಥಿರ ಸಂಖ್ಯೆಗಳನ್ನು ಒಮ್ಮೆ ಗುಣಿಸಿ ಇಟ್ಟುಕೊಳ್ಳುವುದೂ ಉಂಟು:

ವರ್ಷಕ್ಕೆ ಮಿಲಿಮೀಟರ್ = 0.00327 × ಪ್ರವಾಹ × ಸಮಾನ ತೂಕ ÷ ಸಾಂದ್ರತೆ

ಇಲ್ಲಿ ಪ್ರವಾಹವೆಂದರೆ ಚದರ ಸೆಂಟಿಮೀಟರಿಗೆ ಇಷ್ಟು ಮೈಕ್ರೋಆಂಪಿಯರ್. ಸಮಾನ ತೂಕವೆಂದರೆ ಒಂದು ಮೋಲ್ ಎಲೆಕ್ಟ್ರಾನಿಗೆ ಸಮನಾದ ಲೋಹದ ತೂಕ. ಕಬ್ಬಿಣದ ಅಂಕಿಗಳನ್ನು ಹಾಕಿದರೆ ಒಂದು ಮೈಕ್ರೋಆಂಪಿಯರಿಗೆ ವರ್ಷಕ್ಕೆ 0.0116 ಮಿಲಿಮೀಟರ್. ಸತುವಿಗೆ 0.0150, ಅಲ್ಯೂಮಿನಿಯಮ್ಮಿಗೆ 0.0109. ಹಗುರ ಲೋಹ, ಭಾರದ ಲೋಹ ಎಂದು ಇಷ್ಟು ಭೇದವಿದ್ದರೂ ಉತ್ತರಗಳು ಅಕ್ಕಪಕ್ಕದಲ್ಲೇ ಕೂತಿರುವುದು ಮೋಜಿನ ಸಂಗತಿ. ಅಲ್ಯೂಮಿನಿಯಂ ಹಗುರವಾದರೂ ಪರಮಾಣುವಿಗೆ ಮೂರು ಎಲೆಕ್ಟ್ರಾನ್ ಬಿಡುವುದರಿಂದ ಲೆಕ್ಕ ಸರಿದೂಗುತ್ತದೆ. ಒಂದು ಮೈಕ್ರೋಆಂಪಿಯರ್ ಎಂದರೆ ವರ್ಷಕ್ಕೆ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಎಂದು ನೆನಪಿಟ್ಟುಕೊಂಡರೆ ಸಾಮಾನ್ಯ ಲೋಹಗಳಲ್ಲಿ ಹೆಚ್ಚಿನವಕ್ಕೆ ಕಾಗದ ಪೆನ್ಸಿಲ್ ಬೇಕಾಗುವುದಿಲ್ಲ.

ಎಲೆಕ್ಟ್ರಾನುಗಳ ಲೆಕ್ಕದಿಂದ ಇನ್ನೊಂದು ಉಪಯೋಗವಿದೆ, ತೂಕದ ಲೆಕ್ಕವೊಂದರಿಂದಲೇ ಅದು ಸಿಗದು. ಕೂಪನ್ ಬಿಟ್ಟ 0.007592 ಮೋಲ್ ಎಲೆಕ್ಟ್ರಾನುಗಳನ್ನು ಯಾರಾದರೂ ಪಡೆದಿರಲೇಬೇಕು. ಆಮ್ಲಜನಕದ ಒಂದು ಅಣು ನಾಲ್ಕನ್ನು ಪಡೆಯುತ್ತದೆ, ಆದ್ದರಿಂದ ಬೇಕಾದ ಆಮ್ಲಜನಕ 0.001898 ಮೋಲ್, ಅಂದರೆ 61 ಮಿಲಿಗ್ರಾಂ. ಗಾಳಿಯೊಡನೆ ಚೆನ್ನಾಗಿ ಬೆರೆತ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಏಳೂವರೆ ಲೀಟರ್ ನೀರಿನ ಆಮ್ಲಜನಕವೆಲ್ಲ ಈ ಬೆರಳಗಲದ ತುಂಡಿಗೆ ಖರ್ಚಾಗಿದೆ. Fe²⁺ ಮುಂದೆ Fe³⁺ ಆಗಲು ಬೇಕಾದದ್ದು ಬೇರೆ. ಅದನ್ನೂ ಸೇರಿಸಿದರೆ ಹನ್ನೊಂದು ಲೀಟರ್ ದಾಟುತ್ತದೆ. ಕೊಳವೆಯಲ್ಲಿ ಹರಿಯುವ ನೀರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಇದೇ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ, ಅರ್ಧ ಲೀಟರಿಗೆ ತುಸು ಹೆಚ್ಚು ನೀರಿರುವ ಮುಚ್ಚಿದ ಜಾಡಿಯಲ್ಲಿ ಮಾಡಿದರೆ? ಅದರಲ್ಲಿರುವುದು ಹೆಚ್ಚೆಂದರೆ 5 ಮಿಲಿಗ್ರಾಂ ಆಮ್ಲಜನಕ. ಮೊದಲ ಕೆಲವು ದಿನಗಳಲ್ಲೇ ಅದು ಮುಗಿದು ಸವೆತ ಹೆಚ್ಚುಕಡಿಮೆ ನಿಂತುಹೋಗುತ್ತದೆ. ತಿಂಗಳ ನಂತರ ಕೂಪನ್ ತೂಗಿ, ನೀರು ಬಹಳ ಸಾಧು ಎಂದು ಬರೆದುಕೊಂಡವರು ಅಳೆದದ್ದು ಜಾಡಿಯ ಮುಚ್ಚಳವನ್ನು. ಇಂಥ ಕಡೆ ಗಾಳಿ ಊದಬೇಕು, ಇಲ್ಲವೇ ನೀರು ಬದಲಿಸುತ್ತಿರಬೇಕು.

ತೂಕದಿಂದ ಬಂದ 10.2 ಎಂಬ ಸಂಖ್ಯೆಯನ್ನು ಮೀಟರಿನಿಂದ ಬಂದ ಸಂಖ್ಯೆಯ ಎದುರಿಗೆ ಇಟ್ಟು ನೋಡಲೂ ಬಹುದು. ಅಮೆರಿಕದ ಸ್ಟರ್ನ್ ಮತ್ತು ಗೇರಿ 1957ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಸವೆಯುತ್ತಿರುವ ಲೋಹದ ವಿಭವವನ್ನು ಹೊರಗಿನಿಂದ ಹತ್ತು ಮಿಲಿವೋಲ್ಟಿನಷ್ಟು ಮಾತ್ರ ಅತ್ತಿತ್ತ ಸರಿಸಿ, ಅದಕ್ಕೆ ಲೋಹ ಒಡ್ಡುವ ರೋಧವನ್ನು ಅಳೆಯುತ್ತಾರೆ. ಬೇಗ ಸವೆಯುವ ಲೋಹದ ರೋಧ ಕಡಿಮೆ. ಒಂದು ಸ್ಥಿರಾಂಕವನ್ನು ರೋಧದಿಂದ ಭಾಗಿಸಿದರೆ ಸವೆತದ ಪ್ರವಾಹ ಸಿಗುತ್ತದೆ. ಉಕ್ಕಿಗೆ ಆ ಸ್ಥಿರಾಂಕ 26 ಮಿಲಿವೋಲ್ಟ್ ಎಂದು ಹಿಡಿಯುವುದು ಹೆಚ್ಚಿನವರ ಪದ್ಧತಿ. ರೋಧ 2000 ಓಮ್-ಚದರ ಸೆಂಟಿಮೀಟರ್ ಬಂದರೆ ಪ್ರವಾಹ ಚದರ ಸೆಂಟಿಮೀಟರಿಗೆ 13 ಮೈಕ್ರೋಆಂಪಿಯರ್. ಕೆಲವೇ ನಿಮಿಷದ ಕೆಲಸ, ಲೋಹಕ್ಕೆ ಹಾನಿಯೂ ಇಲ್ಲ.

ಪಕ್ಕದಲ್ಲೇ ಇಟ್ಟ ಮೀಟರು ಮೊದಲ ದಿನ 20, ಐದನೆಯ ದಿನ 13, ಹತ್ತನೆಯ ದಿನ 11, ಇಪ್ಪತ್ತನೆಯ ದಿನ 8, ಮೂವತ್ತನೆಯ ದಿನ 7 ಮೈಕ್ರೋಆಂಪಿಯರ್ ತೋರಿಸಿತು ಎಂದುಕೊಳ್ಳೋಣ. ತುಕ್ಕಿನ ಪದರ ಕಟ್ಟಿ ಆಮ್ಲಜನಕ ಲೋಹ ತಲುಪುವುದು ಕಷ್ಟವಾದಂತೆ ಸವೆತ ಇಳಿಯುವುದು ಸಹಜ. ಈ ಅಂಕಿಗಳನ್ನು ಕೂಡಿಸಿ ಐದರಿಂದ ಭಾಗಿಸಿದರೆ 11.8 ಬರುತ್ತದೆ, ಆದರೆ ಆ ಸರಾಸರಿ ತಪ್ಪು. ಮೊದಲ ಐದು ದಿನಕ್ಕೂ ಕೊನೆಯ ಹತ್ತು ದಿನಕ್ಕೂ ಅದು ಒಂದೇ ತೂಕ ಕೊಡುತ್ತದೆ. ಪ್ರತಿ ಅವಧಿಯ ಸರಾಸರಿಯನ್ನು ಅದರ ದಿನಗಳಿಂದ ಗುಣಿಸಬೇಕು. ಮೊದಲ ಐದು ದಿನ 16.5, ಮುಂದಿನ ಐದು ದಿನ 12, ಆಮೇಲಿನ ಹತ್ತು ದಿನ 9.5, ಕೊನೆಯ ಹತ್ತು ದಿನ 7.5. ಗುಣಿಸಿ ಕೂಡಿಸಿದರೆ 312.5, ಮೂವತ್ತರಿಂದ ಭಾಗಿಸಿದರೆ 10.4. ಕೂಪನ್ ಹೇಳಿದ್ದು 10.2.

ಇಷ್ಟು ಹತ್ತಿರ ಬಂದರೆ ಮೀಟರಿಗೆ ಕೊಟ್ಟ 26ರ ಸ್ಥಿರಾಂಕ ಈ ನೀರಿಗೆ ಸರಿ ಎಂದಾಯಿತು. ನಿಜ ಹೇಳಬೇಕೆಂದರೆ ಆ ಸ್ಥಿರಾಂಕವನ್ನು ನಂಬಲು ಕೂಪನ್ನಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಮೀಟರಿನ ಸರಾಸರಿ ಯಾವಾಗಲೂ ಕೂಪನ್ನಿನ ಎರಡರಷ್ಟು ಬರುತ್ತಿದ್ದರೆ ಸ್ಥಿರಾಂಕವನ್ನು ಅರ್ಧಕ್ಕೆ ಇಳಿಸಬೇಕು, ಅಥವಾ ಕಬ್ಬಿಣ ಕರಗುವುದಲ್ಲದೆ ಬೇರೆ ಯಾವುದೋ ಕ್ರಿಯೆ ಮೀಟರಿನ ಪ್ರವಾಹದಲ್ಲಿ ಪಾಲು ಪಡೆಯುತ್ತಿದೆಯೇ ಎಂದು ಹುಡುಕಬೇಕು. ಇತ್ತ ಕೂಪನ್ನಿಗೆ ಗೊತ್ತಿಲ್ಲದ್ದನ್ನು ಮೀಟರು ಹೇಳುತ್ತದೆ. ವರ್ಷಕ್ಕೆ 0.118 ಮಿಲಿಮೀಟರ್ ಎಂಬುದು ಮೊದಲ ದಿನಗಳ ಅಬ್ಬರವನ್ನೂ ಸೇರಿಸಿಕೊಂಡ ಸಂಖ್ಯೆ. ಕೊನೆಯ ಹತ್ತು ದಿನದ 7.5 ಮೈಕ್ರೋಆಂಪಿಯರನ್ನು ತಿರುಗಿಸಿದರೆ ವರ್ಷಕ್ಕೆ 0.087 ಮಿಲಿಮೀಟರ್ ಮಾತ್ರ. ಹಳೆಯ ಕೊಳವೆಗೆ ಹತ್ತಿರದ ಅಂದಾಜು ಎರಡನೆಯದು. ಮೀಟರು ಇಲ್ಲದವರು ಒಂದೇ ದಿನ ಮೂರು ಕೂಪನ್ ಹಾಕಿ, ಒಂದನ್ನು ಮೂವತ್ತನೆಯ ದಿನ, ಒಂದನ್ನು ಅರವತ್ತನೆಯ ದಿನ, ಒಂದನ್ನು ತೊಂಬತ್ತನೆಯ ದಿನ ತೆಗೆದು ನಷ್ಟಗಳ ವ್ಯತ್ಯಾಸ ನೋಡಿದರೂ ಈ ಇಳಿತ ತಿಳಿಯುತ್ತದೆ.

ತೀರ ಕಡಿಮೆ ದಿನ ಇಟ್ಟರೆ ಮತ್ತೊಂದು ತೊಂದರೆ. ವರ್ಷಕ್ಕೆ ಮಿಲಿಮೀಟರಿನಲ್ಲಿರುವ ಸವೆತದ ವೇಗದಿಂದ 50ನ್ನು ಭಾಗಿಸಿದರೆ ಕನಿಷ್ಠ ಎಷ್ಟು ಗಂಟೆ ಇಡಬೇಕೆಂದು ಸಿಗುತ್ತದೆ ಎಂಬ ಸ್ಥೂಲ ನಿಯಮವೊಂದಿದೆ. ಇಲ್ಲಿ ಅದು 424 ಗಂಟೆ, ಹದಿನೆಂಟು ದಿನದಷ್ಟು. ಮೂರೇ ದಿನಕ್ಕೆ ತೆಗೆದಿದ್ದರೆ ನಷ್ಟ ಕೆಲವೇ ಹತ್ತು ಮಿಲಿಗ್ರಾಂ ಇರುತ್ತಿತ್ತು, ತೊಳೆತದ 3.6 ಮಿಲಿಗ್ರಾಂ ತಿದ್ದುಪಡಿ ಅದರ ಮುಂದೆ ಸಣ್ಣದಾಗಿ ಕಾಣುತ್ತಿರಲಿಲ್ಲ. ಮೂವತ್ತು ದಿನದ ನಷ್ಟದ ಎದುರು ಅದು ಶೇಕಡಾ ಎರಡೂ ಆಗದು. ಒಂದೇ ನೀರಿನಲ್ಲಿ ಒಂದೇ ದಿನ ಇಟ್ಟ ಎರಡು ಕೂಪನ್ನುಗಳೇ ಎಷ್ಟೋ ಸಲ ಶೇಕಡಾ ಹತ್ತರಷ್ಟು ಬೇರೆಯಾಗಿರುತ್ತವೆ. ಹಾಗಾಗಿ 0.11785 ಎಂದು ಐದು ಅಂಕಿ ಬರೆಯುವುದು ತೋರಿಕೆ, 0.12 ಎಂದು ಬರೆದರೆ ಪ್ರಾಮಾಣಿಕ.

ಈ ಎಲ್ಲ ಲೆಕ್ಕಗಳು, ತೂಕದ್ದೂ ವಿದ್ಯುತ್ತಿನದೂ, ಸವೆತ ಮೈಯೆಲ್ಲ ಸಮನಾಗಿ ಹರಡಿದೆ ಎಂದು ಹಿಡಿದೇ ಭಾಗಿಸುತ್ತವೆ. ತೊಳೆದ ಕೂಪನ್ನನ್ನು ಬೆಳಕಿಗೆ ಹಿಡಿದು ನೋಡುವ ಕೆಲಸ ಅದಕ್ಕೇ ಉಳಿದಿರುತ್ತದೆ. ಮೈಯೆಲ್ಲ ಒಂದೇ ಬಗೆಯ ಮಂಕು ಇದ್ದರೆ 9.7 ಮೈಕ್ರಾನ್ ಎಂಬ ಪದರದ ಮಾತು ಒಪ್ಪುತ್ತದೆ. ಹೆಚ್ಚು ಭಾಗ ಮೊದಲಿನ ಹೊಳಪಿನಲ್ಲೇ ಇದ್ದು ಅಲ್ಲಲ್ಲಿ ಕುಳಿಗಳು ಕಂಡರೆ ಒಪ್ಪುವುದಿಲ್ಲ. ಅದೇ 0.2120 ಗ್ರಾಂ, ಅದೇ 732 ಕೂಲಂಬ್ ಮೇಲ್ಮೈಯ ನೂರಕ್ಕೆ ಎರಡು ಭಾಗದಿಂದ ಮಾತ್ರ ಹೋಗಿದ್ದರೆ ಅಲ್ಲಿನ ಆಳ ಐವತ್ತು ಪಟ್ಟು, ಸುಮಾರು 0.48 ಮಿಲಿಮೀಟರ್. ಆಗ ಕುಳಿಗಳ ಆಳವನ್ನು ಸೂಕ್ಷ್ಮದರ್ಶಕದ ಫೋಕಸ್ ಬದಲಿಸಿ ಅಳೆದು, ಅತಿ ಆಳದ ಕುಳಿಯನ್ನು 9.7 ಮೈಕ್ರಾನಿನ ಸರಾಸರಿಯಿಂದ ಭಾಗಿಸಿ, ಆ ಅನುಪಾತವನ್ನೂ 0.12ರ ಪಕ್ಕದಲ್ಲಿ ಬರೆಯುತ್ತಾರೆ. ಎರಡು ಮಿಲಿಮೀಟರ್ ದಪ್ಪದ ಕೊಳವೆ ವರ್ಷಕ್ಕೆ 0.12ರಂತೆ ಸವೆದರೆ ತೂತಾಗಲು ಹದಿನಾರು ವರ್ಷಕ್ಕಿಂತ ಹೆಚ್ಚು ಬೇಕು, ತಿಂಗಳಿಗೆ 0.48ರ ಕುಳಿ ಅದೇ ವೇಗದಲ್ಲಿ ಇಳಿದರೆ ಐದನೆಯ ತಿಂಗಳಲ್ಲಿ ನೀರು ಹೊರಗೆ ಜಿನುಗುತ್ತದೆ.